45 ಡಿಗ್ರಿಯಲ್ಲಿ ಅಡಗಿದ್ದ ತಪ್ಪು: ಬೆಳಕಿನ ಪ್ರತಿಫಲನದ ಪಾಠವೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಎಂಟನೆಯ ತರಗತಿಯ ಒಂದು ವಿಭಾಗದಲ್ಲಿ ನಡೆದ ಪಾಠವಿದು. ಶಾಲೆಯ ಹೆಸರನ್ನಾಗಲಿ, ಶಿಕ್ಷಕಿಯ ಅಥವಾ ಮಕ್ಕಳ ಹೆಸರನ್ನಾಗಲಿ ಇಲ್ಲಿ ಕೊಟ್ಟಿಲ್ಲ. ಗುರುತು ಸಿಗಬಹುದಾದ ವಿವರಗಳನ್ನೂ ಬಿಟ್ಟಿದ್ದೇನೆ. ಸಹೋದ್ಯೋಗಿಯಾಗಿ ನಾನು ಹಿಂದಿನ ಬೆಂಚಿನಲ್ಲಿ ಕುಳಿತು ತರಗತಿಗಳನ್ನು ನೋಡಿದೆ. ಮಕ್ಕಳು ಬರೆದ ಹಾಳೆಗಳನ್ನು ಆಮೇಲೆ ಶಿಕ್ಷಕಿಯ ಜೊತೆ ಕುಳಿತು ಓದಿದೆ. ಈ ಬರಹಕ್ಕೆ ಮುಖ್ಯ ಆಧಾರ ಆ ಹಾಳೆಗಳೇ.

ಶಿಕ್ಷಕಿಗೆ ಈ ಪಾಠ ಹೊಸದಲ್ಲ. ಪ್ರತಿ ವರ್ಷವೂ ಅವರು ಕಪ್ಪುಹಲಗೆಯ ಮೇಲೆ ಕನ್ನಡಿ, ಅದಕ್ಕೆ ನೆಟ್ಟಗೆ ನಿಲ್ಲುವ ಗೆರೆಯಾದ ಲಂಬ, ಕನ್ನಡಿಗೆ ಬರುವ ಪತನ ಕಿರಣ, ಅಲ್ಲಿಂದ ಹೋಗುವ ಪ್ರತಿಫಲಿತ ಕಿರಣಗಳನ್ನು ಎಳೆದು ತೋರಿಸುತ್ತಿದ್ದರು. ಆಮೇಲೆ ಮೇಜಿನ ಮೇಲೆ ಒಂದು ಕನ್ನಡಿ ಇಟ್ಟು ಟಾರ್ಚ್ ಬಿಟ್ಟು ಪ್ರಯೋಗ ಮಾಡುತ್ತಿದ್ದರು. ಲಂಬದಿಂದ ಅಳೆದ ಪತನ ಕೋನವೂ ಪ್ರತಿಫಲನ ಕೋನವೂ ಸಮ ಎಂಬ ನಿಯಮವನ್ನು ಮಕ್ಕಳು ಬಾಯಿಪಾಠ ಹೇಳುತ್ತಿದ್ದರು. ಆದರೆ ಕನ್ನಡಿಯನ್ನು ಸ್ವಲ್ಪ ಓರೆಯಾಗಿ ಬರೆದು ಕಿರಣ ಎತ್ತ ಹೋಗುತ್ತದೆ ಎಂದು ಕೇಳಿದರೆ ನಿಯಮ ಹೇಳಿದವರೇ ಎತ್ತೆತ್ತಲೋ ಗೆರೆ ಎಳೆಯುತ್ತಿದ್ದರು. ಮಾತಿನಲ್ಲಿ ನಿಯಮ ಸರಿಯಿದ್ದೂ ಕೈಬರಹದಲ್ಲಿ ತಪ್ಪುತ್ತಿದ್ದರೆ, ನಿಯಮಕ್ಕೆ ಮುಂಚೆಯೇ ಮಕ್ಕಳ ಮನಸ್ಸಿನಲ್ಲಿ ಬೇರೊಂದು ಚಿತ್ರ ನೆಲೆಸಿರಬೇಕು ಎಂದು ಅವರಿಗೆ ಅನ್ನಿಸಿತು. ಆ ಚಿತ್ರವನ್ನು ಹೊರತೆಗೆಯಲು ಈ ಸಲ ಅವರು ಕ್ರಮವನ್ನು ತಿರುವುಮುರುವು ಮಾಡಿದರು. ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯ ಗೆರೆ ಎಳೆಯಬೇಕು, ಆಮೇಲೆ ಟಾರ್ಚ್ ಹೊತ್ತಿಸಿ ನೋಡಬೇಕು, ನಿಯಮದ ಮಾತು ಎಲ್ಲಕ್ಕಿಂತ ಕೊನೆಗೆ.

ಸಾಮಗ್ರಿ ಸರಳವಾಗಿತ್ತು. ನಾಲ್ವರ ಗುಂಪಿಗೆ ಅಂಗೈ ಅಗಲದ ಒಂದು ಸಮತಲ ಕನ್ನಡಿ, ಅದರ ಅಂಚುಗಳಿಗೆ ಕೈ ಕೊಯ್ಯದಂತೆ ಸುತ್ತಿದ ಟೇಪು, ಕನ್ನಡಿ ನೆಟ್ಟಗೆ ನಿಲ್ಲಲು ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಮರದ ತುಂಡು, ಒಂದು ಟಾರ್ಚ್, ನಡುವೆ ಸುಮಾರು 2 ಮಿಲಿಮೀಟರ್ ಅಗಲದ ಸೀಳು ಕತ್ತರಿಸಿದ ಕಪ್ಪು ರಟ್ಟು, ಬಿಳಿ ಹಾಳೆ, ಅಳತೆಪಟ್ಟಿ, ಕೋನಮಾಪಕ. ಕಿಟಕಿಗಳಿಗೆ ದಪ್ಪ ಬಟ್ಟೆ ಹಾಕಿ ಕೋಣೆಯನ್ನು ಮಬ್ಬಾಗಿಸಿದ್ದರು. ಲೇಸರ್ ಪಾಯಿಂಟರ್ ತಂದರೆ ಗೆರೆ ಚೆನ್ನಾಗಿ ಬರುತ್ತದೆ ಎಂದು ಯಾರೋ ಸಲಹೆ ಕೊಟ್ಟಿದ್ದರು. ಶಿಕ್ಷಕಿ ಒಪ್ಪಲಿಲ್ಲ. ಕೋಣೆಯ ತುಂಬ ಕನ್ನಡಿಗಳಿರುವಾಗ ಲೇಸರ್ ಯಾರ ಕಣ್ಣಿಗೆ ಹೊಡೆಯುತ್ತದೆಂದು ಹೇಳಲಾಗದು. ಆ ನಿರ್ಧಾರ ಸರಿಯಾದದ್ದೇ.

ಟಾರ್ಚಿನ ಬೆಳಕನ್ನು ಗೆರೆಯಾಗಿಸುವುದು

ಪಾಠಕ್ಕೆ ಮುಂಚೆ ಸಾಮಗ್ರಿಯನ್ನು ಪರೀಕ್ಷಿಸಿದಾಗ ಸಿಕ್ಕ ಒಂದೆರಡು ಸಂಗತಿಗಳನ್ನು ಇಲ್ಲೇ ಹೇಳಬೇಕು. ಇವು ಸರಿಯಾಗದಿದ್ದರೆ ಊಹೆ ಗೆದ್ದಿತೋ ಸೋತಿತೋ ಎಂದು ತೀರ್ಮಾನಿಸಲು ಆಗುವುದೇ ಇಲ್ಲ.

ಟಾರ್ಚಿನ ಬೆಳಕು ಕಿರಣವಲ್ಲ, ಹರಡುತ್ತಾ ಹೋಗುವ ಕಿರಣಗಳ ದೊಡ್ಡ ಗುಂಪು. ರಟ್ಟನ್ನು ಟಾರ್ಚಿನ ಬಾಯಿಗೆ ಅಂಟಿಸಿಬಿಟ್ಟರೆ ಸೀಳಿನಿಂದ ಹೊರಬಂದ ಬೆಳಕು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ಸೀಳನ್ನು ಇನ್ನೂ ಕಿರಿದು ಮಾಡಿದರೆ ಬೆಳಕು ಕುಂದುತ್ತದೆಯೇ ಹೊರತು ಹರಡುವುದು ಅಷ್ಟಾಗಿ ಕಡಿಮೆಯಾಗುವುದಿಲ್ಲ. ಪರಿಹಾರವೆಂದರೆ ಟಾರ್ಚನ್ನು ಸೀಳಿನಿಂದ ದೂರ ಸರಿಸುವುದು. ಬೆಳಕು ಬರುವ ಬಾಯಿ 1 ಸೆಂಟಿಮೀಟರ್ ಅಗಲವಿದ್ದು ಅದು ಸೀಳಿನಿಂದ 10 ಸೆಂಟಿಮೀಟರ್ ಹಿಂದಿದ್ದರೆ, ಸೀಳು ದಾಟಿ 25 ಸೆಂಟಿಮೀಟರ್ ಹೋಗುವಷ್ಟರಲ್ಲಿ ಬೆಳಕಿನ ಪಟ್ಟಿ 3 ಸೆಂಟಿಮೀಟರಿಗೂ ಹೆಚ್ಚು ಅಗಲವಾಗುತ್ತದೆ. ಅದೇ ಟಾರ್ಚನ್ನು ಅರ್ಧ ಮೀಟರ್ ಹಿಂದಕ್ಕೆ ಇಟ್ಟರೆ ಅಷ್ಟೇ ದೂರದಲ್ಲಿ ಪಟ್ಟಿಯ ಅಗಲ 1 ಸೆಂಟಿಮೀಟರಿಗಿಂತ ಕಡಿಮೆ. ಬೆಳಕು ಮಂಕಾಗುವುದರಿಂದ ಕೋಣೆ ಇನ್ನಷ್ಟು ಕತ್ತಲಾಗಿರಬೇಕು, ಅಷ್ಟೇ. ಹಲವು ಎಲ್‌ಇಡಿಗಳಿರುವ ಟಾರ್ಚ್ ಒಂದೇ ಸೀಳಿನಿಂದ ಹಲವು ಗೆರೆಗಳನ್ನು ಕೊಡುತ್ತದೆ. ಒಂದೇ ಎಲ್‌ಇಡಿ ಇರುವ ಸಣ್ಣ ಟಾರ್ಚೇ ಇದಕ್ಕೆ ಲೇಸು.

ಇನ್ನೊಂದು, ಕನ್ನಡಿ ಹಾಳೆಗೆ ನೆಟ್ಟಗೆ ನಿಂತಿರಬೇಕು. ಕನ್ನಡಿ ಹಿಂದಕ್ಕೆ ವಾಲಿದರೆ ಪ್ರತಿಫಲಿತ ಬೆಳಕು ಹಾಳೆಯಿಂದ ಮೇಲೆದ್ದು ಗೆರೆ ಮಾಯವಾಗುತ್ತದೆ, ಮುಂದಕ್ಕೆ ವಾಲಿದರೆ ಗೆರೆ ಸ್ವಲ್ಪ ದೂರ ಬಂದು ನಿಂತುಬಿಡುತ್ತದೆ. ಮಕ್ಕಳು ಇಂಥ ಕಡೆ ಟಾರ್ಚಿನ ಮೇಲೆ ತಪ್ಪು ಹೊರಿಸುತ್ತಾರೆ. ಗೆರೆಯ ನಡವಳಿಕೆಯಿಂದಲೇ ಕನ್ನಡಿ ಯಾವ ಕಡೆ ವಾಲಿದೆ ಎಂದು ಹೇಳಬಹುದು ಎಂಬುದನ್ನು ತೋರಿಸಿಕೊಟ್ಟರೆ ಆ ಗೊಂದಲ ತೀರುತ್ತದೆ.

ಮೊದಲ ತರಗತಿ: ಎಲ್ಲರೂ ಸರಿ

ಮೊದಲ ದಿನದ ಹಾಳೆಯಲ್ಲಿ ಕೆಳಗಡೆ ಕನ್ನಡಿಯ ಗೆರೆ ಇತ್ತು, ಎಡಗಡೆಯಿಂದ ಓರೆಯಾಗಿ ಬಂದು ಅದನ್ನು ಮುಟ್ಟುವ ಒಂದು ಕಿರಣವಿತ್ತು. ಪತನ ಕೋನ 45 ಡಿಗ್ರಿ. ಶಿಕ್ಷಕಿ ಆ ಕೋನವನ್ನು ಆರಿಸಿದ್ದು ಸಹಜವಾಗಿತ್ತು. ಅದು ಎಳೆಯಲು ಸುಲಭ, ನೋಡಲು ಅಂದ, ಕಪ್ಪುಹಲಗೆಯ ಚಿತ್ರಗಳಲ್ಲೂ ಸಾಮಾನ್ಯವಾಗಿ ಬರುವುದು ಅದೇ. ಕಿರಣ ಕನ್ನಡಿಗೆ ಬಡಿದ ಮೇಲೆ ಎಲ್ಲಿ ಹೋಗುತ್ತದೆಯೋ ಅಲ್ಲಿಗೆ ಗೆರೆ ಎಳೆಯಿರಿ ಎಂದಷ್ಟೇ ಹೇಳಿ ಅವರು ಸುಮ್ಮನಾದರು.

ಕೆಲವರು ಕಿರಣವನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿದರು. ಒಬ್ಬಿಬ್ಬರು ಕನ್ನಡಿಯಿಂದ ನೇರ ಮೇಲಕ್ಕೆ ಎಳೆದರು. ಉಳಿದವರೆಲ್ಲ, ಎಂದರೆ ತರಗತಿಯ ಬಹುಪಾಲು ಮಕ್ಕಳು, ಬಲಗಡೆಗೆ ಸರಿಯಾದ ಓರೆಯಲ್ಲೇ ಎಳೆದರು. ಟಾರ್ಚ್ ಹೊತ್ತಿಸಿದಾಗ ಬೆಳಕು ಅವರ ಗೆರೆಯ ಮೇಲೆಯೇ ಬಿತ್ತು. ತರಗತಿಯಲ್ಲಿ ಸಂಭ್ರಮವಾಯಿತು. ಇಷ್ಟು ಸುಲಭವಾಗಿ ಪಾಠ ಮುಗಿಯಿತಲ್ಲ ಎಂದು ಶಿಕ್ಷಕಿ ನಿಯಮವನ್ನು ಬರೆಸಲು ಹಲಗೆಯ ಕಡೆ ತಿರುಗಿದ್ದರು.

ಹಾಗೆ ತಿರುಗುವ ಮುನ್ನ ಅವರು ವಾಡಿಕೆಯಂತೆ ಒಬ್ಬ ಹುಡುಗನನ್ನು ಕೇಳಿದರು: “ನಿನ್ನ ಗೆರೆ ಸರಿಯಾಗಿದೆ. ಅಲ್ಲಿಗೇ ಹೋಗುತ್ತದೆ ಎಂದು ನಿನಗೆ ಹೇಗೆ ಗೊತ್ತಾಯಿತು?”

“ಕನ್ನಡಿಗೆ ಬಡಿದ ಬೆಳಕು ಲಂಬಕೋನದಲ್ಲಿ ತಿರುಗುತ್ತದಲ್ಲ ಟೀಚರ್” ಎಂದ ಅವನು. ಅವನ ಹಾಳೆಯಲ್ಲಿ ಎರಡು ಕಿರಣಗಳ ನಡುವೆ, ಲಂಬಕೋನವನ್ನು ಗುರುತಿಸುವ ಪುಟ್ಟ ಚೌಕ ಅಚ್ಚುಕಟ್ಟಾಗಿ ಕುಳಿತಿತ್ತು. ಪಕ್ಕದವಳ ಹಾಳೆಯಲ್ಲೂ ಅದೇ ಚೌಕ.

ಶಿಕ್ಷಕಿ ನಿಯಮ ಬರೆಸಲಿಲ್ಲ. ಹಾಳೆಗಳನ್ನೆಲ್ಲ ಒಟ್ಟುಗೂಡಿಸಿಕೊಂಡು ತರಗತಿಯನ್ನು ಅಲ್ಲಿಗೇ ನಿಲ್ಲಿಸಿದರು. ಈ ಪ್ರಕರಣದಲ್ಲಿ ಅವರು ತೆಗೆದುಕೊಂಡ ಅತ್ಯಂತ ಬೆಲೆಯುಳ್ಳ ನಿರ್ಧಾರ ಅದೇ ಎಂದು ನನ್ನ ಎಣಿಕೆ. ಫಲಿತಾಂಶ ಸರಿ ಬಂದಾಗ ಮುಂದಕ್ಕೆ ಹೋಗದೆ ನಿಲ್ಲುವುದು ಕಷ್ಟ.

ಸಮಸ್ಯೆ ಎಲ್ಲಿತ್ತು

ಸಂಜೆ ಹಾಳೆಗಳನ್ನು ಹರಡಿಕೊಂಡು ಕುಳಿತೆವು. ಪತನ ಕೋನ 45 ಡಿಗ್ರಿ ಇರುವಾಗ ಪ್ರತಿಫಲನ ಕೋನವೂ 45. ಎರಡೂ ಕಿರಣಗಳ ನಡುವಿನ ಕೋನ ಸರಿಯಾಗಿ 90. ಆದ್ದರಿಂದ ಎರಡು ಕೋನಗಳು ಸಮ ಎಂದು ತಿಳಿದವನ ಗೆರೆಯೂ, ಬೆಳಕು ಯಾವಾಗಲೂ ಲಂಬಕೋನದಲ್ಲಿ ತಿರುಗುತ್ತದೆ ಎಂದು ನಂಬಿದವನ ಗೆರೆಯೂ ಒಂದರ ಮೇಲೊಂದು ಬೀಳುತ್ತವೆ. ಇನ್ನು ಕೆಲವರು ಬರುವ ಕಿರಣದ ಕೋನವನ್ನು ಲಂಬದಿಂದ ಅಳೆದು, ಹೋಗುವ ಕಿರಣದ ಕೋನವನ್ನು ಕನ್ನಡಿಯಿಂದ ಅಳೆದಿದ್ದರು. 45ರಲ್ಲಿ ಲಂಬದಿಂದ ಅಳೆದರೂ ಕನ್ನಡಿಯಿಂದ ಅಳೆದರೂ ಉತ್ತರ ಅದೇ ಬರುವುದರಿಂದ ಅವರೂ ಸರಿಯಾದವರ ಸಾಲಿಗೆ ಸೇರಿದ್ದರು. ಟಾರ್ಚ್ ಹೊತ್ತಿದ್ದು ಈ ಮಕ್ಕಳ ತಪ್ಪನ್ನು ತಿದ್ದಲಿಲ್ಲ, ಅದಕ್ಕೆ ಸಾಕ್ಷಿ ಹೇಳಿತು. ನಿಯಮವನ್ನು ಬಾಯಿಪಾಠ ಮಾಡುವವರು ಓರೆ ಕನ್ನಡಿಯ ಪ್ರಶ್ನೆಯಲ್ಲಿ ಏಕೆ ತಪ್ಪುತ್ತಿದ್ದರು ಎಂಬುದು ಆಗ ಅರ್ಥವಾಯಿತು.

ಸುಲಭವೆಂದು ಆರಿಸಿಕೊಳ್ಳುವ ಇನ್ನೊಂದು ಪ್ರಯೋಗವೂ ಹೀಗೆಯೇ. ಬೆಳಕನ್ನು ಕನ್ನಡಿಗೆ ನೇರವಾಗಿ ಹಾಯಿಸಿದರೆ ಅದು ಬಂದ ದಾರಿಯಲ್ಲೇ ಮರಳುತ್ತದೆ. ಬೆಳಕು ಯಾವಾಗಲೂ ಬಂದ ದಾರಿಯಲ್ಲೇ ಹಿಂತಿರುಗುತ್ತದೆ ಎಂದು ನಂಬಿದ ಮಗುವಿಗೆ ಆ ಪ್ರಯೋಗ ತನ್ನ ನಂಬಿಕೆಯ ರುಜುವಾತಾಗಿ ಕಾಣುತ್ತದೆ. ಶಿಕ್ಷಕರ ಕೈ ತಾನಾಗಿ ಹೋಗುವ ಎರಡು ಕೋನಗಳು 0 ಮತ್ತು 45. ಎರಡೂ ಒಂದೊಂದು ತಪ್ಪು ಕಲ್ಪನೆಯನ್ನು ಬಚ್ಚಿಡುತ್ತವೆ.

ಹಾಳೆಗಳಲ್ಲಿ ಮತ್ತೊಂದು ವಿಷಯ ಕಂಡಿತು. ಪೆನ್ಸಿಲಿನಲ್ಲಿ ಎಳೆದ ಊಹೆಯನ್ನು ಕೆಲವರು ಬೆಳಕು ಕಂಡ ಮೇಲೆ ಅಳಿಸಿ ಹೊಸದಾಗಿ ಎಳೆದಿದ್ದರು. ಕಾಗದದ ಮೇಲೆ ಹಳೆಯ ಗೆರೆಯ ಗುರುತು ಉಳಿದಿತ್ತು. ಮಕ್ಕಳ ದೃಷ್ಟಿಯಲ್ಲಿ ಅದು ಮೋಸವಲ್ಲ. ತಪ್ಪು ಉತ್ತರವನ್ನು ತಿದ್ದಿ ಕೊಡಬೇಕೆಂದು ಅವರಿಗೆ ನಾವೇ ಕಲಿಸಿದ್ದೇವೆ. ಆದರೆ ಊಹೆಯ ಗೆರೆ ಅಳಿದರೆ ಈ ವಿಧಾನದಲ್ಲಿ ಉಳಿಯುವುದು ಏನೂ ಇಲ್ಲ.

ಬದಲಾಯಿಸಿದ್ದು

ಎರಡನೆಯ ತರಗತಿಗೆ ಹೊಸ ಹಾಳೆ ಸಿದ್ಧವಾಯಿತು. ಪತನ ಕೋನ 30 ಡಿಗ್ರಿ, ಎಂದರೆ ಕನ್ನಡಿಯೊಂದಿಗೆ 60. ಈಗ ಸರಿಯಾಗಿ ತಿಳಿದವನ ಕಿರಣ ಲಂಬದಿಂದ 30 ಡಿಗ್ರಿ ಆಚೆಗೆ ಹೋಗುತ್ತದೆ, ಲಂಬಕೋನದಲ್ಲಿ ತಿರುಗಿಸುವವನದು 60 ಡಿಗ್ರಿ ಆಚೆಗೆ. ಎರಡರ ನಡುವೆ 30 ಡಿಗ್ರಿಗಳ ಅಂತರ. ಈ ಅಂತರದ ಲೆಕ್ಕವನ್ನು ಶಿಕ್ಷಕಿ ಬೇಕೆಂದೇ ಹಾಕಿದರು. ಪತನ ಕೋನ 40 ಇದ್ದಿದ್ದರೆ ಎರಡು ಊಹೆಗಳು 40 ಮತ್ತು 50ರಲ್ಲಿ ಬೀಳುತ್ತಿದ್ದವು. ಸೀಳು ಮತ್ತು ಟಾರ್ಚ್ ಸರಿಯಾಗಿ ಕೂರದ ಗುಂಪಿನಲ್ಲಿ ಬೆಳಕಿನ ಪಟ್ಟಿಯೇ ಎಂಟು ಹತ್ತು ಡಿಗ್ರಿಗಳನ್ನು ಆಕ್ರಮಿಸಿಕೊಳ್ಳಬಹುದು. ಆಗ ಇಬ್ಬರೂ ತಾವೇ ಗೆದ್ದೆವು ಎನ್ನುತ್ತಾರೆ, ಇಬ್ಬರ ಮಾತನ್ನೂ ತಳ್ಳಿಹಾಕಲಾಗದು. ಉಪಕರಣ ಒರಟಾಗಿದ್ದಷ್ಟೂ ಊಹೆಗಳು ಒಂದರಿಂದೊಂದು ದೂರ ಬೀಳುವ ಕೋನವನ್ನು ಆರಿಸಬೇಕಾಗುತ್ತದೆ.

ಲಂಬವನ್ನು ಹಾಳೆಯಲ್ಲಿ ಅಚ್ಚು ಹಾಕಲಿಲ್ಲ. ನಡುವೆ ಒಂದು ಚುಕ್ಕೆಗೆರೆ ಕಂಡ ಕೂಡಲೇ ಮಕ್ಕಳು ಅದರ ಎರಡು ಬದಿಗೆ ಒಂದೇ ಬಗೆಯ ಗೆರೆ ಎಳೆಯುತ್ತಾರೆ, ಬೆಳಕಿನ ಬಗ್ಗೆ ಯೋಚಿಸಿಯಲ್ಲ, ಚಿತ್ರದ ಅಂದಕ್ಕಾಗಿ. ಊಹೆಯನ್ನು ಪೆನ್ನಿನಲ್ಲಿ ಎಳೆಯಬೇಕು, ಕಂಡದ್ದನ್ನು ಪೆನ್ಸಿಲಿನಲ್ಲಿ. ಊಹೆಯ ಕೆಳಗೆ “ಏಕೆಂದರೆ” ಎಂಬ ಪದದಿಂದ ಆರಂಭವಾಗುವ ಒಂದು ವಾಕ್ಯ ಇರಬೇಕು. ಗುಂಪಿನ ನಾಲ್ವರೂ ಬರೆದು ಮುಗಿಸುವವರೆಗೆ ಟಾರ್ಚ್ ಶಿಕ್ಷಕಿಯ ಮೇಜಿನಲ್ಲೇ ಇರುತ್ತದೆ.

ಆ ಒಂದು ವಾಕ್ಯಕ್ಕೆ ವಿಶೇಷ ಕಾರಣವಿತ್ತು. ಲಂಬಕೋನದ ನಂಬಿಕೆಯವರನ್ನೂ, ಲಂಬದಿಂದ ಒಂದು ಕೋನ ಕನ್ನಡಿಯಿಂದ ಇನ್ನೊಂದು ಕೋನ ಅಳೆಯುವವರನ್ನೂ ಗೆರೆಯಿಂದ ಬೇರೆ ಮಾಡಲು ಸಾಧ್ಯವೇ ಇಲ್ಲ. ಬರುವ ಕಿರಣ ಲಂಬದಿಂದ 30 ಇದ್ದು ಹೋಗುವ ಕಿರಣವನ್ನು ಕನ್ನಡಿಯಿಂದ 30ಕ್ಕೆ ಎಳೆದರೆ ಅದು ಲಂಬದಿಂದ 60 ಆಗುತ್ತದೆ. ಎರಡೂ ಕೂಡಿ 90. ಕೋನ ಎಷ್ಟೇ ಇರಲಿ, ಈ ಮೊತ್ತ ಬದಲಾಗುವುದಿಲ್ಲ. ಹೀಗೆ ಎರಡು ಬೇರೆ ಬೇರೆ ತಪ್ಪುಗಳು ಯಾವ ಕೋನದಲ್ಲೂ ಒಂದೇ ಗೆರೆಯನ್ನು ಕೊಡುತ್ತವೆ. ಮೊದಲನೆಯದು ಬೆಳಕಿನ ಬಗೆಗಿನ ತಪ್ಪು, ಎರಡನೆಯದು ಅಳತೆಯ ತಪ್ಪು. ಮೊದಲನೆಯದಕ್ಕೆ ಟಾರ್ಚ್ ಮದ್ದು, ಎರಡನೆಯದಕ್ಕೆ ಕೋನಮಾಪಕವನ್ನು ಎಲ್ಲಿ ಇಡಬೇಕೆಂದು ತೋರಿಸುವುದೇ ಮದ್ದು. ಯಾವ ಮಗುವಿಗೆ ಯಾವುದು ಬೇಕೆಂದು ತಿಳಿಯಲು ಅದರ ಮಾತನ್ನೇ ಓದಬೇಕು.

ಎರಡನೆಯ ತರಗತಿ: ಊಹೆಗಳು ಬೇರೆಯಾದವು

ಈ ಸಲ ಹಾಳೆಗಳು ಸ್ಪಷ್ಟವಾಗಿ ಗುಂಪುಗಳಾದವು. ಅರ್ಧದಷ್ಟು ಮಕ್ಕಳ ಗೆರೆ ಸರಿಯಾಗಿತ್ತು. ಉಳಿದವರಲ್ಲಿ ಹೆಚ್ಚಿನವರು ಕಿರಣವನ್ನು 60 ಡಿಗ್ರಿಗೆ, ಕನ್ನಡಿಗೆ ಬಾಗಿದಂತೆ, ಎಳೆದಿದ್ದರು. ಹಿಂದಿನ ದಿನ ಸರಿ ಎಂದು ಸಂಭ್ರಮಿಸಿದ್ದವರಲ್ಲಿ ಹಲವರು ಇಲ್ಲಿದ್ದರು. ಬಂದ ದಾರಿಯಲ್ಲೇ ಹಿಂದಿರುಗಿಸಿದವರು ಈ ಬಾರಿಯೂ ಕೆಲವರಿದ್ದರು.

ಶಿಕ್ಷಕಿ ಹೆಸರು ಹೇಳದೆ ಮೂರು ಗೆರೆಗಳನ್ನು ಮೂರು ಬಣ್ಣದ ಸುಣ್ಣದ ಕಡ್ಡಿಯಲ್ಲಿ ಹಲಗೆಯ ಮೇಲೆ ಎಳೆದು, ಪ್ರತಿಯೊಂದರ ಪಕ್ಕ ಮಕ್ಕಳೇ ಬರೆದ ಒಂದೊಂದು ಕಾರಣವನ್ನು ಓದಿದರು. ಲಂಬಕೋನದವರ ಕಾರಣ: “ಏಕೆಂದರೆ ನಿನ್ನೆ ನೋಡಿದಾಗ ಹಾಗೆಯೇ ತಿರುಗಿತ್ತು.” ಇದು ತೂಕವಿರುವ ವಾದ. ಅವರ ಬಳಿ ಸಾಕ್ಷ್ಯವಿತ್ತು, ಅದನ್ನು ಕೊಟ್ಟಿದ್ದು ನಮ್ಮದೇ ಪ್ರಯೋಗ. ಸರಿಯಾಗಿ ಎಳೆದಿದ್ದ ಒಬ್ಬ ಹುಡುಗಿ, ಗೋಡೆಗೆ ನೇರಕ್ಕೆ ಹತ್ತಿರವಾಗಿ ಎಸೆದ ಚೆಂಡು ನೇರಕ್ಕೆ ಹತ್ತಿರವಾಗಿಯೇ ಪುಟಿಯುತ್ತದೆ ಎಂದು ಬರೆದಿದ್ದಳು. ವಾದ ಸ್ವಲ್ಪ ಹೊತ್ತು ನಡೆಯಿತು. ಶಿಕ್ಷಕಿ ಯಾರ ಪರವೂ ವಹಿಸಲಿಲ್ಲ. ಕೈ ಎತ್ತಿಸಿ ಎಣಿಸಿ, ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು, ಆಮೇಲೆ ಟಾರ್ಚುಗಳನ್ನು ಹಂಚಿದರು.

ಬೆಳಕು 30ರ ಗೆರೆಯ ಮೇಲೆ ಬಿತ್ತು. ಲಂಬಕೋನದ ಒಂದು ಗುಂಪು ಕೂಡಲೇ ಒಪ್ಪಲಿಲ್ಲ. “ನಮ್ಮ ಕನ್ನಡಿಯೇ ಸರಿಯಿಲ್ಲ ಟೀಚರ್, ಪಕ್ಕದ ಗುಂಪಿನದು ಕೊಡಿ” ಎಂದರು. ಶಿಕ್ಷಕಿ ಕೊಟ್ಟರು. ಅದರಲ್ಲೂ ಹಾಗೆಯೇ ಬಿತ್ತು. ಆಗ ಅವರಲ್ಲೊಬ್ಬ, ನಿನ್ನೆಯ ಹಾಳೆ ಬೇಕು ಎಂದು ಕೇಳಿ ತೆಗೆದುಕೊಂಡು ಅದರ ಮೇಲೆ ಕನ್ನಡಿ ಇಟ್ಟು ನೋಡಿದ. ಅಲ್ಲಿ ಬೆಳಕು ಲಂಬಕೋನದಲ್ಲೇ ತಿರುಗಿತು. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಅವನು ಟಾರ್ಚನ್ನು ನಿಧಾನವಾಗಿ ಒಂದು ಕೋನದಿಂದ ಇನ್ನೊಂದಕ್ಕೆ ಸರಿಸುತ್ತಾ ಹೋದ. ಬರುವ ಗೆರೆ ಲಂಬಕ್ಕೆ ಹತ್ತಿರವಾದಂತೆ ಹೋಗುವ ಗೆರೆಯೂ ಹತ್ತಿರವಾಗುವುದನ್ನು ಗುಂಪೆಲ್ಲ ಬಗ್ಗಿ ನೋಡಿತು. ಲಂಬಕೋನ ಎನ್ನುವುದು ಆ ಸರಿದಾಟದಲ್ಲಿ ಒಂದು ಕ್ಷಣ ಬಂದು ಹೋಗುವ ಸ್ಥಿತಿ ಎಂದು ಅವರು ತಾವಾಗಿ ಕಂಡುಕೊಂಡರು. ಹಳೆಯ ಪ್ರಯೋಗದಲ್ಲಿ ಕಂಡದ್ದೂ ನಿಜವೇ ಎಂದು ತಿಳಿದ ಮೇಲೆ ಅವರಿಗೆ ಹೊಸದನ್ನು ಒಪ್ಪಲು ಅಡ್ಡಿಯಾಗಲಿಲ್ಲ.

ಕೋನವನ್ನು ಕನ್ನಡಿಯಿಂದಲೇ ಅಳೆದು, ಎರಡು ಕಡೆಯೂ 60 ಎಂದು ಬರೆದವರು ಇದ್ದರು. ಅದು ತಪ್ಪಲ್ಲ, ಎರಡನ್ನೂ ಒಂದೇ ಕಡೆಯಿಂದ ಅಳೆದರೆ ಸಮತಲ ಕನ್ನಡಿಯಲ್ಲಿ ಹೇಗೆ ಅಳೆದರೂ ಸಮವೇ. ಶಿಕ್ಷಕಿ ಅದಕ್ಕೆ ಸರಿ ಗುರುತು ಹಾಕಿ, ಗೋಳೀಯ ಕನ್ನಡಿಗಳ ಪಾಠ ಬಂದಾಗ ಕನ್ನಡಿಯ ಮೇಲ್ಮೈಯೇ ಬಾಗಿರುತ್ತದೆ, ಆಗ ಲಂಬ ನಮ್ಮನ್ನು ಕಾಪಾಡುತ್ತದೆ ಎಂದು ಹೇಳಿ ಮುಂದಕ್ಕೆ ಹೋದರು.

34 ಎಂದು ಬರೆದ ಗುಂಪು

ಪಾಠ ಇಲ್ಲಿಗೆ ಮುಗಿಯಬಹುದಿತ್ತು. ಮುಗಿಯದಿರಲು ಕಾರಣ ಒಂದು ಗುಂಪಿನ ಅಳತೆ. ಬೆಳಕಿನ ಪಟ್ಟಿಯ ನಡುವೆ ಎರಡು ಕಡೆ ಗುರುತು ಹಾಕಿ, ಗೆರೆ ಸೇರಿಸಿ, ಲಂಬ ಎಳೆದು ಕೋನ ಅಳೆಯಬೇಕಿತ್ತು. ಬಹುತೇಕ ಗುಂಪುಗಳಿಗೆ 29, 30, 31 ಎಂದು ಬಂತು. ಒಂದು ಗುಂಪಿಗೆ ಮಾತ್ರ 34.

ಇಂಥ ಕಡೆ ಶಿಕ್ಷಕರು ಸಾಮಾನ್ಯವಾಗಿ “ಹೆಚ್ಚುಕಡಿಮೆ 30 ಎಂದು ಬರೆದುಕೊಳ್ಳಿ” ಎನ್ನುತ್ತಾರೆ. ಒಂದೆರಡು ಡಿಗ್ರಿಯ ವ್ಯತ್ಯಾಸಕ್ಕೆ ಅದು ನ್ಯಾಯವೇ. ಪಟ್ಟಿಯ ನಡುವನ್ನು ಗುರುತಿಸುವಾಗ ಅಷ್ಟು ಹೆಚ್ಚುಕಡಿಮೆಯಾಗುತ್ತದೆ. ಕನ್ನಡಿಯ ಗಾಜಿನ ದಪ್ಪವೂ ಕಾರಣವಾಗಬಹುದು. ಬೆಳ್ಳಿಯ ಲೇಪ ಇರುವುದು ಗಾಜಿನ ಹಿಂಬದಿಗೆ, ಆದ್ದರಿಂದ ಮಕ್ಕಳು ಗಾಜಿನ ಮುಂದಿನ ಅಂಚನ್ನು ಕನ್ನಡಿಯ ಗೆರೆ ಎಂದುಕೊಂಡರೆ 3 ಮಿಲಿಮೀಟರ್ ದಪ್ಪದ ಗಾಜಿನಲ್ಲಿ ಕಿರಣ ಒಳಹೊಕ್ಕ ಜಾಗಕ್ಕೂ ಹೊರಬಂದ ಜಾಗಕ್ಕೂ ಸುಮಾರು 2 ಮಿಲಿಮೀಟರ್ ಅಂತರವಿರುತ್ತದೆ. ಹತ್ತು ಸೆಂಟಿಮೀಟರ್ ಉದ್ದದ ಗೆರೆಯಲ್ಲಿ ಅದರಿಂದ ಬರುವ ದೋಷ 1 ಡಿಗ್ರಿಯಷ್ಟು. ಆದರೆ 4 ಡಿಗ್ರಿಯನ್ನು ಇವು ವಿವರಿಸುವುದಿಲ್ಲ.

ಶಿಕ್ಷಕಿ ಆ ಗುಂಪಿನ ಮೇಜಿಗೆ ಹೋಗಿ ಮೇಲಿನಿಂದ ಬಗ್ಗಿ ನೋಡಿದರು. ಕನ್ನಡಿಯ ಒಂದು ತುದಿ ಗೆರೆಯಿಂದ ಕೊಂಚವೇ ಸರಿದಿತ್ತು, ಕಣ್ಣಿಗೆ ಥಟ್ಟನೆ ಕಾಣದಷ್ಟು. ಅವರು ಅದನ್ನು ತಾವೇ ಸರಿಮಾಡಲಿಲ್ಲ. “ಕನ್ನಡಿ ಗೆರೆಯ ಮೇಲೇ ಇದೆಯೇ ನೋಡಿ” ಎಂದರು. ಒಬ್ಬಳು ಬೆರಳಿನಿಂದ ತುದಿಯನ್ನು ತಳ್ಳಿದಳು. ಬೆಳಕಿನ ಪಟ್ಟಿ ಹಾಳೆಯ ಮೇಲೆ ಜಿಗಿದಂತೆ ಸರಿಯಿತು. ಅವಳು ಮತ್ತೆ ಹಿಂದಕ್ಕೆ ಎಳೆದಳು, ಮತ್ತೆ ತಳ್ಳಿದಳು. “ಕನ್ನಡಿ ಸ್ವಲ್ಪವೇ ತಿರುಗಿದರೂ ಬೆಳಕು ತುಂಬ ತಿರುಗುತ್ತದಲ್ಲ ಟೀಚರ್.”

ಶಿಕ್ಷಕಿ ಅಂದುಕೊಂಡಿದ್ದ ಪಾಠದ ಯೋಜನೆಯಲ್ಲಿ ಇದು ಇರಲಿಲ್ಲ. ಉಳಿದ ಸಮಯವನ್ನು ನಿಯಮ ಬರೆಸಿ ಅಭ್ಯಾಸದ ಲೆಕ್ಕಗಳಿಗೆ ಬಳಸಬೇಕಿತ್ತು. ಅವರು ಅದನ್ನು ಮುಂದೂಡಿ ಆ ಹುಡುಗಿಯ ಮಾತನ್ನೇ ಇಡೀ ತರಗತಿಗೆ ಪ್ರಶ್ನೆಯಾಗಿ ಒಡ್ಡಿದರು. ಟಾರ್ಚ್ ಅಲುಗಬಾರದು, ಕಿರಣ ಬೀಳುವ ಜಾಗದಲ್ಲೇ ಕನ್ನಡಿಯನ್ನು 10 ಡಿಗ್ರಿ ತಿರುಗಿಸುತ್ತೇವೆ. ಪ್ರತಿಫಲಿತ ಕಿರಣ ಎಷ್ಟು ತಿರುಗುತ್ತದೆ? ಹಾಳೆಯ ಹಿಂಬದಿಯಲ್ಲಿ ಪೆನ್ನಿನಲ್ಲಿ ಎಳೆಯಿರಿ, “ಏಕೆಂದರೆ” ಬರೆಯಿರಿ.

ಒಬ್ಬಿಬ್ಬರನ್ನು ಬಿಟ್ಟು ಎಲ್ಲರೂ 10 ಡಿಗ್ರಿ ಎಂದರು. ಸಮಕೋನದ ನಿಯಮವನ್ನು ಆಗಷ್ಟೇ ಕಣ್ಣಾರೆ ಕಂಡವರೂ ಹಾಗೆಯೇ ಎಂದರು. ಕನ್ನಡಿ ತಿರುಗಿಸಿ ಅಳೆದಾಗ ಕಿರಣ 20ರ ಆಸುಪಾಸಿಗೆ ಹೋಗಿ ನಿಂತಿತ್ತು. ಈ ಸಲ ಯಾರೂ ಕನ್ನಡಿ ಸರಿಯಿಲ್ಲ ಎನ್ನಲಿಲ್ಲ, ಏಕೆ ಹೀಗೆ ಎಂದು ಕೇಳಿದರು. ಉತ್ತರ ಹಲಗೆಯ ಮೇಲೆ ಹಂತಹಂತವಾಗಿ ಬಂತು. ಮೊದಲು ಪತನ ಕೋನ 30. ಕನ್ನಡಿ 10 ತಿರುಗಿದಾಗ ಲಂಬವೂ ಅದರ ಜೊತೆ 10 ತಿರುಗಿತು. ಅದು ಬರುವ ಕಿರಣದಿಂದ ದೂರ ಸರಿದದ್ದರಿಂದ ಪತನ ಕೋನ 40 ಆಯಿತು, ಪ್ರತಿಫಲನ ಕೋನವೂ 40 ಆಗಲೇಬೇಕು. ಆ 40 ಈಗ ಹೊಸ ಲಂಬದಿಂದ. ಹಳೆಯ ಲಂಬದಿಂದ ಎಣಿಸಿದರೆ ಅದು 50. ಮೊದಲು 30ರಲ್ಲಿದ್ದ ಕಿರಣ 50ಕ್ಕೆ ಬಂದಿದೆ. ಲಂಬ ಸರಿದ 10 ಒಂದು, ಕೋನ ಹಿಗ್ಗಿದ 10 ಇನ್ನೊಂದು.

34 ಬರೆದ ಗುಂಪು ಈಗ ತಮ್ಮ ಹಾಳೆಗೆ ಮರಳಿತು. 4 ಡಿಗ್ರಿ ಹೆಚ್ಚು ಬಂದಿದ್ದರೆ ಕನ್ನಡಿ ಎಷ್ಟು ತಿರುಗಿತ್ತು? 2 ಡಿಗ್ರಿ ಎಂದು ಅವರೇ ಹೇಳಿದರು. ಒಂದು ತುದಿ ಎಷ್ಟು ಸರಿದರೆ 2 ಡಿಗ್ರಿ ಎಂದು ನೋಡಲು 10 ಸೆಂಟಿಮೀಟರ್ ಉದ್ದದ ಕನ್ನಡಿಯ ಒಂದು ತುದಿಯನ್ನು ಹಿಡಿದು ಇನ್ನೊಂದನ್ನು ಸರಿಸಿದರು. ಮೂರೂವರೆ ಮಿಲಿಮೀಟರ್ ಸಾಕಾಯಿತು. ತಮ್ಮ ಅಳತೆ ತಪ್ಪಲ್ಲ, ಕನ್ನಡಿ ಇಟ್ಟದ್ದು ಓರೆಯಾಗಿತ್ತು ಎಂದು ಅವರು ಸ್ವಂತ ಲೆಕ್ಕದಿಂದ ತೋರಿಸಿಕೊಟ್ಟರು. 34ನ್ನು 30 ಎಂದು ತಿದ್ದಿಸಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ.

ಈ ಇಮ್ಮಡಿಯ ಸಂಗತಿ ಎಲ್ಲಿ ಬಳಕೆಗೆ ಬರುತ್ತದೆ ಎಂದು ಒಬ್ಬರು ಕೇಳಿದಾಗ ಶಿಕ್ಷಕಿ ನಾವಿಕರು ಕೋನ ಅಳೆಯುವ ಸೆಕ್ಸ್‌ಟಂಟ್ ಉಪಕರಣದ ಚಿತ್ರ ತೋರಿಸಿದರು. ಅದರ ಕಮಾನು ವೃತ್ತದ ಆರನೆಯ ಒಂದು ಭಾಗ, ಎಂದರೆ 60 ಡಿಗ್ರಿ. ಆದರೆ ಅದರ ಮೇಲೆ ಗುರುತುಗಳಿರುವುದು 120 ಡಿಗ್ರಿಗಳವರೆಗೆ. ಒಳಗಿನ ಕನ್ನಡಿ 1 ಡಿಗ್ರಿ ತಿರುಗಿದರೆ ಕಿರಣ 2 ಡಿಗ್ರಿ ತಿರುಗುವುದರಿಂದ ಕಮಾನಿನ ಅಂಕಿಗಳನ್ನು ಮೊದಲೇ ಇಮ್ಮಡಿ ಮಾಡಿ ಕೊರೆದಿರುತ್ತಾರೆ. ತಾವು ಆಗಷ್ಟೇ ಅಳೆದದ್ದು ಅಲ್ಲಿ ಅಂಕಿಗಳಾಗಿ ಕೂತಿರುವುದನ್ನು ಕಂಡು ಮಕ್ಕಳಿಗೆ ನಿಜವಾಗಿ ಖುಷಿಯಾಯಿತು.

ಫಲಿತಾಂಶ ಮತ್ತು ಉಳಿದ ಪ್ರಶ್ನೆಗಳು

ಕೆಲವು ವಾರಗಳ ಬಳಿಕ ಶಿಕ್ಷಕಿ ಮುನ್ಸೂಚನೆ ಕೊಡದೆ ಒಂದು ಚಿತ್ರದ ಪ್ರಶ್ನೆ ಕೊಟ್ಟರು. ಕನ್ನಡಿ ಹಾಳೆಯ ಅಂಚಿಗೆ ಓರೆಯಾಗಿತ್ತು, ಕಿರಣ ಕನ್ನಡಿಯೊಂದಿಗೆ 20 ಡಿಗ್ರಿ ಮಾಡುತ್ತಿತ್ತು. ಬಹುಪಾಲು ಮಕ್ಕಳು ಮೊದಲು ಲಂಬವನ್ನು ತಾವಾಗಿ ಎಳೆದು ಆಮೇಲೆ ಕಿರಣ ಎಳೆದರು. ಲಂಬಕೋನದ ಚೌಕ ಪೂರ್ತಿ ಮಾಯವಾಗಿರಲಿಲ್ಲ. ಕೆಲವು ಹಾಳೆಗಳಲ್ಲಿ ಅದು ಮತ್ತೆ ಕಂಡಿತು. ಆ ಮಕ್ಕಳ “ಏಕೆಂದರೆ” ವಾಕ್ಯಗಳನ್ನು ತೆಗೆದು ನೋಡಿದರೆ, ಅವರಲ್ಲಿ ಹೆಚ್ಚಿನವರು ಮೊದಲಿನಿಂದಲೂ ಅಳತೆಯ ತಪ್ಪು ಮಾಡುತ್ತಿದ್ದವರು. ಟಾರ್ಚಿನ ಪ್ರಯೋಗ ಅವರಿಗೆ ತಾಕಿರಲಿಲ್ಲ, ಏಕೆಂದರೆ ಅವರ ತೊಂದರೆ ಬೆಳಕಿನದಾಗಿರಲಿಲ್ಲ. ಅವರನ್ನು ಬೇರೆಯಾಗಿ ಕೂರಿಸಿ, ಕೋನಮಾಪಕದ ತಳಗೆರೆಯನ್ನು ಕನ್ನಡಿಯ ಮೇಲೆ ಇಟ್ಟು, 90ರ ಗುರುತಿನಿಂದ ಎರಡೂ ಕಡೆಗೆ ಎಣಿಸುವುದನ್ನು ಮಾಡಿಸಿದ ಮೇಲೆ ಗೆರೆಗಳು ಸರಿಹೋದವು.

ಒಂದು ವಿಷಯವನ್ನು ಈ ಪಾಠ ಮುಟ್ಟಲೇ ಇಲ್ಲ. ಹಾಳೆಯ ಮೇಲೆ ಬೆಳಕಿನ ಗೆರೆ ಕಾಣುವುದು ಹಾಳೆ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ. ಧೂಳು, ಹೊಗೆ ಇಲ್ಲದ ಗಾಳಿಯಲ್ಲಿ ಹೋಗುತ್ತಿರುವ ಕಿರಣ ನಮಗೆ ಪಕ್ಕದಿಂದ ಕಾಣುವುದಿಲ್ಲ. ಹಾಳೆ ತೆಗೆದರೂ ಗೆರೆ ಮೇಜಿನ ಮೇಲೆ ತೇಲುತ್ತಾ ಕಾಣುತ್ತದೆ ಎಂದು ಹಲವು ಮಕ್ಕಳು ನಂಬಿರುವುದು ಅವರ ಮಾತಿನಿಂದ ಗೊತ್ತಾಯಿತು. ಇಡೀ ಪ್ರಯೋಗ ಹಾಳೆಯ ಮೇಲೆಯೇ ನಡೆದದ್ದು ಆ ನಂಬಿಕೆಯನ್ನು ಬಲಪಡಿಸಿರಲೂಬಹುದು.

ಇನ್ನೊಂದು ವಿಭಾಗಕ್ಕೆ ಶಿಕ್ಷಕಿ ಸಿದ್ಧಪಡಿಸಿದ ಹಾಳೆಯಲ್ಲಿ ಮೊದಲ ಚಿತ್ರ 30 ಡಿಗ್ರಿಯದು, ಕನ್ನಡಿ ಓರೆಯಾಗಿರುವುದು. ಎರಡನೆಯದು ಕನ್ನಡಿಯನ್ನು 10 ಡಿಗ್ರಿ ತಿರುಗಿಸುವುದು. ಮೂರನೆಯದರಲ್ಲಿ ಕಿರಣದ ದಾರಿಯ ನಡುವೆ ಹಾಳೆಯನ್ನು ಕತ್ತರಿಸಿ ಒಂದು ಅಂಗೈ ಅಗಲದ ಖಾಲಿ ಜಾಗ ಬಿಟ್ಟು, ಆ ಜಾಗದಲ್ಲಿ ಏನು ಕಾಣುತ್ತದೆಯೆಂದು ಪೆನ್ನಿನಲ್ಲಿ ಎಳೆಯಲು ಕೇಳಿದ್ದಾರೆ. 45 ಡಿಗ್ರಿಯ ಚಿತ್ರವನ್ನು ತೆಗೆದುಹಾಕಿಲ್ಲ. ಅದನ್ನು ಕಟ್ಟಕಡೆಗೆ ಇಟ್ಟು ಕೆಳಗೆ ಹೀಗೆ ಬರೆದಿದ್ದಾರೆ: “ಈ ಒಂದೇ ಚಿತ್ರ ನೋಡಿದವರು ಬೆಳಕಿನ ಬಗ್ಗೆ ಯಾವ ತಪ್ಪು ತೀರ್ಮಾನಕ್ಕೆ ಬರಬಹುದು?”